ನೀರುಗಂಟಿಯ ಹೆಸರು

ವೈದ್ಯನಾಥಪುರದ ಹೆಂಗಸರು ಮಾತು ಕೇಳುವುದರಲ್ಲಿ ಯಾರಿಗೂ ಕಡಮೆಯಿಲ್ಲ ಎಂಬುದು ಸರಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮೈಸೂರಿನಿಂದ ಬರುವ ಶಾಲಾ ಇನ್ಸ್‌ಪೆಕ್ಟರಿಗೆ ತೋರಿಸುವುದೊಂದೇ ಬಾಕಿ. ಅವರು ಮೆಚ್ಚಿದರೆ ಅವಳು ಕಲಿಸುವ ಮಧ್ಯಾಹ್ನದ ಹೆಂಗಸರ ಓದಿನ ತರಗತಿ ಮುಂದಿನ ವರ್ಷವೂ ಉಂಟು, ಮೆಚ್ಚದಿದ್ದರೆ ಇಲ್ಲ.

ಅದಕ್ಕೇ ಅವಳು ಕೇಳಿ ಉತ್ತರಿಸುವ ಹೊಸ ಪಾಠವೊಂದನ್ನು ಬರೆದಿದ್ದಳು. ಇಬ್ಬರು ಗೆಳತಿಯರ ಮಾತು. ಒಬ್ಬಳು ಇನ್ನೊಬ್ಬಳಿಗೆ ಬೇರೆ ಯಾರೋ ಹೇಳಿದ್ದನ್ನು ಹೇಳುತ್ತಾಳೆ. ಅದನ್ನು ಎರಡು ಸಲ ಓದಬೇಕು. ಕೇಳುವವರು ಸ್ಲೇಟು ಮಗುಚಿಟ್ಟು ಸುಮ್ಮನೆ ಕೇಳಬೇಕು, ಆಮೇಲೆ ಯಾರು ಯಾರಿಗೆ ಏನೆಂದರು ಎಂಬುದನ್ನು ಹೇಳಬೇಕು. ಪುಸ್ತಕದ ಭಾಷೆ ಬೇಡವೆಂದು ಊರಿನ ಮಾತಿನಲ್ಲೇ ಬರೆದಿದ್ದಳು. ಮೊದಲೇ ಕೇಳಿಸಿಬಿಟ್ಟರೆ ಅದು ಬಾಯಿಪಾಠವಾಗುತ್ತದೆಂದು ಹಾಳೆಯನ್ನು ಯಾರಿಗೂ ತೋರಿಸಿರಲಿಲ್ಲ. ಅಷ್ಟು ಜಾಣೆ. ಆದರೆ ಜಾಣೆಯ ಕಾಲೂ ಒಮ್ಮೆ ಜಾರುತ್ತದೆ.

ಎರಡು ದನಿಯನ್ನೂ ತಾನೇ ಓದುವುದೆಂದುಕೊಂಡಿದ್ದಳು. ಇನ್ಸ್‌ಪೆಕ್ಟರು ಬಂದು ಕೂತವರೇ, “ನೀವು ಬೇಡ, ಓದೂ ನೋಡಿದಂತಾಗಲಿ,” ಎಂದು ಮುಂದಿನ ಸಾಲಿನ ಇಬ್ಬರ ಕಡೆ ಬೆರಳು ತೋರಿಸಿದರು. ಚಲುವಮ್ಮ, ರೇವಮ್ಮ, ತವರಿನಿಂದಲೂ ಗೆಳತಿಯರು. ಸರಸಮ್ಮನಿಗೆ ಒಳಗೊಳಗೇ ಖುಷಿಯಾಯಿತು. ತರಗತಿಯಲ್ಲಿ ಸರಾಗವಾಗಿ ಓದುವವರೇ ಅವರಿಬ್ಬರು.

ಚಲುವಮ್ಮ ಹಾಳೆ ಇಸಿದುಕೊಂಡು ಶುರುಮಾಡಿದಳು. “ಯಾಕಕ್ಕ, ಪೈರು ಒಣಗ್ತೈತೆ ಅಂತ ನಿನ್ನೆ ಅಳ್ತಿದ್ದೆ, ಇವತ್ತು ನಗ್ತಾ ಇದ್ದೀಯ?”

ರೇವಮ್ಮ ಸಾಲಿನ ಮೇಲೆ ಬೆರಳಿಟ್ಟು ಓದಿದಳು. “ಸೋಮವಾರ ನಾಲೆಗೆ ನೀರು ಬುಡ್ತಾರೆ ಅಂತ ನೀರುಗಂಟಿ...”

ಅಲ್ಲಿಗೆ ನಿಂತಳು. ಸರಸಮ್ಮನಿಗೆ ಆಗ ಹೊಳೆಯಿತು. ಗದ್ದೆಗೆ ನೀರು ಹಾಯಿಸುವ ನೀರುಗಂಟಿಗೆ ತಾನು ಬೆಟ್ಟಯ್ಯನೆಂದು ಹೆಸರಿಟ್ಟಿದ್ದಾಳೆ. ರೇವಮ್ಮನ ಗಂಡನೂ ಬೆಟ್ಟಯ್ಯನೇ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವುದುಂಟೆ? ಸರಸಮ್ಮನೇ ತನ್ನ ಗಂಡನನ್ನು “ನಮ್ಮವರು” ಎಂದಷ್ಟೇ ಹೇಳುವವಳು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಇನ್ಸ್‌ಪೆಕ್ಟರು ಕೈ ಎತ್ತಿದರು. “ಹೇಳಿಕೊಡಬೇಡಿ.”

ರೇವಮ್ಮ ಸೆರಗು ಸರಿಮಾಡಿಕೊಂಡಳು. “ನೀರುಗಂಟಿ, ನಮ್ಮನೇವ್ರ ಹೆಸ್ರಿನೋನು, ಹೇಳ್ದ,” ಎಂದು ಮುಂದಕ್ಕೆ ಹೋದಳು.

“ನೀರು ಬುಡೋಕೆ ಅವ್ನ್ಯಾರಕ್ಕ?”

“ನಾನು ಬುಡೋನಲ್ಲ, ಓವರ್‌ಸಿಯರು ಹೇಳಿದ್ದ ಹೇಳ್ತಾ ಇವ್ನಿ ಅಂದ.”

ಎರಡನೆಯ ಸಲವೂ ಹಾಗೆಯೇ ಓದಿದರು. ಇನ್ಸ್‌ಪೆಕ್ಟರು ಪ್ರಶ್ನೆ ಕೇಳಿದರು. ನೀರು ಬರುವ ಸುದ್ದಿ ನಗುತ್ತಿದ್ದ ಗೆಳತಿಗೆ ಹೇಳಿದವರು ಯಾರು?

“ನೀರುಗಂಟಿ ಬೆಟ್ಟಯ್ಯ,” ಎಂದಿತು ಇಡೀ ತರಗತಿ, ರೇವಮ್ಮನೊಬ್ಬಳ ಹೊರತು.

“ಅವನಿಗೆ ಹೇಳಿದವರು?”

“ಓವರ್‌ಸಿಯರು.”

“ಹಾಗಾದರೆ ಸೋಮವಾರ ನೀರು ಬಂದೇ ಬರುತ್ತದೋ?”

ಹಿಂದಿನಿಂದ ಮುದುಕಿ ಚಿಕ್ಕಲಕ್ಷ್ಮಮ್ಮ ಅಂದಳು, “ಬತ್ತದೆ ಅಂದವ್ರೆ ಸ್ವಾಮಿ. ಬಂದ್ಮ್ಯಾಲೆ ನಂಬ್ತೀವಿ.”

ಇನ್ಸ್‌ಪೆಕ್ಟರು ನಕ್ಕರು. ಆದರೆ ಬಿಡಲಿಲ್ಲ. “ಕೇಳುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಓದಿನ ಮಾತು ಬೇರೆ. ನಮ್ಮ ಮನೆಯಲ್ಲೂ ನನ್ನ ಹೆಸರು ಹೇಳುವುದಿಲ್ಲ, ಒಪ್ಪಿದೆ. ಆದರೆ ಅಕ್ಷರ ಬಾರದವರೂ ಹೀಗೆಯೇ ಹೆಸರನ್ನು ಹಾರಿಸಿ ದಾಟಿಕೊಳ್ಳಬಹುದಲ್ಲ?”

“ಓದ್ದೆ ಇದ್ರೆ ಅದೇ ಹೆಸ್ರು ಅಂತ ಅವಳ್ಗೆ ಹೆಂಗೆ ತಿಳೀತದೆ ಸ್ವಾಮಿ?” ಎಂದಳು ಚಲುವಮ್ಮ.

“ಯಾರಾದರೂ ಮೊದಲೇ ಹೇಳಿರಬಹುದಮ್ಮ.”

ಆ ಮಾತು ತನ್ನ ಮೇಲೆಯೇ ಎಂದು ಸರಸಮ್ಮನಿಗೆ ತಿಳಿಯಿತು. ಅವಳು ಎದ್ದು ನಿಲ್ಲುವ ಮೊದಲೇ ರೇವಮ್ಮ ತನ್ನ ಸ್ಲೇಟು ಎಳೆದುಕೊಂಡಳು.

“ಗಂಡನ ಹೆಸ್ರು ಹೇಳ್ಬ್ಯಾಡ ಅಂತ ನಮ್ಮತ್ತೆ ಹೇಳಿದ್ರು. ಬರೀಬ್ಯಾಡ ಅಂತ ಅಂದಿಲ್ಲ,” ಎಂದು ಬಳಪ ಒತ್ತಿ ಬರೆದಳು. ‘ಟ’ಕ್ಕೆ ಒತ್ತು, ‘ಯ’ಕ್ಕೆ ಒತ್ತು, ಒಂದೂ ತಪ್ಪಿಲ್ಲ. ಸ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಇನ್ಸ್‌ಪೆಕ್ಟರ ಮುಂದೆ ನೀಡಿದಳು.

ಅವರು ಗಟ್ಟಿಯಾಗಿ ಓದಿದರು. “ಬೆಟ್ಟಯ್ಯ.” ಸ್ಲೇಟನ್ನು ರೇವಮ್ಮನಿಗೆ ಹಿಂದಕ್ಕೆ ಕೊಟ್ಟು ಸರಸಮ್ಮನ ಕಡೆ ತಿರುಗಿದರು. “ಮುಂದಿನ ವರ್ಷಕ್ಕೆ ಇನ್ನಷ್ಟು ಸ್ಲೇಟು ತರಿಸಿಕೊಳ್ಳಿ.”

ಇನ್ಸ್‌ಪೆಕ್ಟರ ಜಟಕಾ ಹೋದ ಮೇಲೆ ಸರಸಮ್ಮ ಸ್ಲೇಟು ಒರೆಸಲು ಬಟ್ಟೆ ಕೊಟ್ಟರೆ ರೇವಮ್ಮ ಮುಟ್ಟಲಿಲ್ಲ. ಸೆರಗಿನೊಳಗೆ ಸ್ಲೇಟು ಅವಿತಿತ್ತು.

“ಮನೆಗೆ ತಕ್ಕೊಂಡೋಯ್ತೀನಿ ಅಮ್ಮಾವ್ರೆ. ಅವ್ರಿಗೆ ತೋರುಸ್ಬೇಕು.”

ಸರಸಮ್ಮ ಬಟ್ಟೆ ಕೆಳಗಿಟ್ಟಳು. “ಅವರಿಗೆ ಓದಲು ಬರುವುದಿಲ್ಲವಲ್ಲ ರೇವಮ್ಮ. ಏನು ಬರೆದಿದೆ ಅಂತ ಕೇಳಿದರೆ ನೀನು ಹೇಳುವ ಹಾಗೂ ಇಲ್ಲ.”

“ಹೇಳಾಕಿಲ್ಲ,” ಎಂದಳು ರೇವಮ್ಮ. “ತಿಳ್ಕಬೇಕು ಅಂದ್ರೆ ಅವ್ರೇ ಬಂದು ಕಲೀಲಿ.”