ಗೊತ್ತಿಲ್ಲ ಅಂದ ಮೇಲೆ

ಹೋದ ಸಲದ ಇಂಗ್ಲಿಷ್ ಪರೀಕ್ಷೆಯಲ್ಲಿ ನನ್ನನ್ನು ಮುಳುಗಿಸಿದ್ದು ಒಂದೇ ಮಾತು. ಮಾತಿನ ಸುತ್ತಿನಲ್ಲಿ ಬಾಹ್ಯಾಕಾಶ ಪ್ರವಾಸದ ಬಗ್ಗೆ ಕೇಳಿದರು. 'ಐ ಡೋಂಟ್ ನೋ' ಅಂದು ಬಾಯಿ ಮುಚ್ಚಿಕೊಂಡೆ. ಆರೂವರೆ ಅಂಕ ಬಂತು, ಬೇಕಿದ್ದದ್ದು ಏಳು. ಲಂಡನ್ನಿನ ಆಸ್ಪತ್ರೆಯವರು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ. ಈ ಸಲವೂ ತಪ್ಪಿದರೆ ಆ ನರ್ಸ್ ಕೆಲಸ ಬೇರೆಯವರ ಪಾಲು.

ಕೊಳ್ಳೇಗಾಲದಲ್ಲಿ ನನಗೆ ಕಲಿಸುವ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರ ಮೇಲೆ ರೇಗಿದ್ದೆ.

"ಗೊತ್ತಿಲ್ದಿದ್ರೂ ಮಾತಾಡು ಅಂತೀರಲ್ಲ ಸಾ! ವಾರ್ಡಲ್ಲಿ ಹಂಗೆ ಬಾಯಿಗೆ ಬಂದದ್ದು ಏಳುದ್ರೆ ರೋಗಿ ಗತಿ ಏನು?"

"ಸುಳ್ಳು ಏಳು ಅಂದ್ನಾ ನಾಗಶ್ರೀ? ಅವ್ರು ಅಳೆಯೋದು ನಿನ್ ಭಾಷೆ ಕಣವ್ವ, ತಿಳುವಳಿಕೆ ಅಲ್ಲ. ರೋಗಿ ಕಡೆಯೋರು ನಿಂಗೊತ್ತಿಲ್ದದ್ದು ಕೇಳುದ್ರೆ ಬೆನ್ನು ತಿರುಗ್ಸಿ ಓಯ್ತೀಯಾ?"

ಅದು ಆಗ ತಲೆಗೆ ಹೋಗಲಿಲ್ಲ.

ಈ ಸಲ ಮೈಸೂರಿನ ಪರೀಕ್ಷಾ ಕೋಣೆ. ಮೇಜಿನ ಮೇಲೆ ರೆಕಾರ್ಡರ್, ಎದುರಿಗೆ ನಗದ ಪರೀಕ್ಷಕಿ. ಊರು, ಊಟ, ಬಾಲ್ಯದ ಗೆಳತಿ ಎಲ್ಲ ಸಲೀಸಾಗಿ ಮುಗಿದವು. ಕೊನೆಯ ಭಾಗದಲ್ಲಿ ಕೇಳಿದಳು:

"ಆಧುನಿಕ ಚಿತ್ರಕಲೆಯ ಮ್ಯೂಸಿಯಂಗಳಿಗೆ ಸರ್ಕಾರ ಹಣ ಕೊಡಬೇಕೆ?"

ಅಂಥ ಒಂದು ಚಿತ್ರವನ್ನೂ ನಾನು ಕಣ್ಣಾರೆ ಕಂಡವಳಲ್ಲ.

"ನಿಜ ಹೇಳಬೇಕೆಂದರೆ, ನನಗೆ ಇದರ ಬಗ್ಗೆ ಅಷ್ಟು ತಿಳಿಯದು," ಅಂದೆ ಇಂಗ್ಲಿಷಿನಲ್ಲಿ. ಅಲ್ಲಿಗೆ ಮಾತು ನಿಂತಿತು. ಅವಳು ಕಾದಳು. ಮತ್ತೆ ಅದೇ ಗುಂಡಿಗೆ ಬೀಳುತ್ತಿದ್ದೇನೆ ಅನ್ನಿಸಿತು.

ಆಗ ನೆನಪಾದದ್ದು ನಮ್ಮ ವಾರ್ಡಿನ ರೋಗಿಯೊಬ್ಬರ ಹೆಂಡತಿ ಶಿವರತ್ನಮ್ಮ. ಗಂಡನ ಆಪರೇಷನ್ ಆದ ಮರುದಿನ ನನ್ನ ಕೈ ಹಿಡಿದು, "ಬದುಕ್ತಾರಾ ತಾಯಿ?" ಅಂದಿದ್ದರು. "ಅದ ಡಾಕ್ಟ್ರೇ ಏಳ್ಬೇಕು ಅಜ್ಜಿ. ಆದ್ರೆ ಜ್ವರ ಇಳ್ದದೆ, ನೀರು ಕುಡುದ್ರು. ಅದು ಒಳ್ಳೇದು," ಅಂದಿದ್ದೆ. ಸುಳ್ಳೂ ಹೇಳಿರಲಿಲ್ಲ, ಸುಮ್ಮನೂ ಇರಲಿಲ್ಲ. ಕಂಡದ್ದನ್ನು ಹೇಳಿದ್ದೆ.

"ಆದರೆ ನಮ್ಮೂರಲ್ಲಿ ರೇಷ್ಮೆ ಸೀರೆ ನೇಯುತ್ತಾರೆ," ಅಂದೆ. "ಪಕ್ಕದ ಮನೆ ಸಿದ್ದಯ್ಯನವರು ನೇಯುತ್ತಿದ್ದ ಹಳೆಯ ಅಂಚುಗಳು ಈಗ ಎಲ್ಲೂ ನೋಡಲು ಸಿಗುವುದಿಲ್ಲ. ಅವನ್ನು ಯಾರಾದರೂ ಕಾಪಾಡಿದ್ದರೆ ಚೆನ್ನಾಗಿತ್ತು. ಚಿತ್ರಕಾರರಿಗೂ ಬಹುಶಃ ಹಾಗೇ ಅನ್ನಿಸಬಹುದು."

"ಚಿತ್ರ ಜನರಿಗೆ ಅರ್ಥವೇ ಆಗದಿದ್ದರೆ?"

"ನಮ್ಮಪ್ಪನನ್ನು ಕೇಳಿದರೆ ಮೊದಲು ರಸ್ತೆ ಮಾಡಿಸಲಿ ಅನ್ನುತ್ತಾರೆ. ಚಿತ್ರ ಬಿಡಿಸುವ ನನ್ನ ತಂಗಿ ಒಪ್ಪುವುದಿಲ್ಲ. ನಾನಿನ್ನೂ ಇಬ್ಬರ ನಡುವೆ ಇದ್ದೇನೆ, ಏಕೆಂದರೆ..."

ಆ 'ಏಕೆಂದರೆ' ನನ್ನನ್ನು ದೂರ ಒಯ್ದಿತು.

ಹೊರಬರುತ್ತಲೇ ಮೇಷ್ಟ್ರ ಫೋನು. "ಏನ್ ಕೇಳುದ್ರವ್ವ?"

"ನಂಗೊತ್ತಿಲ್ದದ್ದು ಸಾ."

"ನೀನೇನಂದೆ?"

"ಗೊತ್ತಿಲ್ಲ ಅಂದೆ."

"ಅಯ್ಯೋ, ಮತ್ತೂ ಅದೇನಾ ಕಣವ್ವ!" ಅಂದರು. ಪಾಪ ಅನ್ನಿಸಿತು.

"ಆಮೇಲೆ ಅವ್ರೇ ಸಾಕು ಅನ್ನೋಗಂಟ ಮಾತಾಡ್ದೆ ಸಾ."

ತಿಂಗಳು ಮುಗಿಯುವ ಮೊದಲೇ ಫಲಿತಾಂಶ ಬಂತು; ಆಗ ವಾರ್ಡಿನಲ್ಲಿದ್ದೆ. ಏಳು ಬಂದಿತ್ತು. ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.