ಗೆರೆ ನೋಡಿ ಎಂದವಳು ನಾನೇ

ಚಾರ್ಟ್ ಕಣ್ಣಿಗೆ ಹೇಳುವುದನ್ನು ಬಾಯಿಂದ ಓದಬಾರದು. ನಮ್ಮ ಸುದ್ದಿ ವಿಡಿಯೋ ಕಚೇರಿಯಲ್ಲಿ ಎಲ್ಲರ ತಲೆ ತಿಂದು ಈ ನಿಯಮವನ್ನು ಜಾರಿಗೆ ತಂದವಳು ನಾನು. ನನ್ನ ಸ್ಕ್ರಿಪ್ಟಿನಲ್ಲಿ ಎರಡು ಕಾಲಂ: ಎಡಕ್ಕೆ ಪರದೆಯ ಮೇಲೆ ಕಾಣುವುದು, ಬಲಕ್ಕೆ ಧ್ವನಿ. ಬಲಗಡೆ ಒಂದು ಅಂಕಿ ಕಂಡರೂ ಕೆಂಪು ಗೀಟು ಎಳೆಯುತ್ತಿದ್ದೆ.

ಅಕ್ಕನ ಮನೆ ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಯ ಹಿಂದಿನ ಬೀದಿಯಲ್ಲಿದೆ. ಅವಳ ಮಗಳ ಶಾಲೆಗೆ ಆರೋಗ್ಯ ಇಲಾಖೆಯವರು ನಾಲ್ಕು ವರ್ಷ ಬಂದು ಮಕ್ಕಳ ರಕ್ತ ತೆಗೆದುಕೊಂಡು ಹೋಗಿದ್ದರು. ಫಲಿತಾಂಶದ ಬಗ್ಗೆ ಮನೆಯವರಿಗೆ ಒಂದು ಮಾತೂ ತಿಳಿಸಿರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿ ಮಕ್ಕಳ ರಕ್ತದಲ್ಲಿನ ಸೀಸದ ವರ್ಷವಾರು ಸರಾಸರಿಗಳನ್ನು ಹೊರಗೆ ತೆಗೆಸಿದೆ. ಅಕ್ಕನಿಗೂ ಹೇಳಲಿಲ್ಲ. ವಿಡಿಯೋದಲ್ಲೇ ನೋಡಲಿ ಎಂಬ ಜಂಬ.

ಕಾರ್ಖಾನೆಯ ಪರವಾನಗಿ ಮುಂದುವರಿಸಲು ಬೀದಿಯವರ ಒಪ್ಪಿಗೆ ಬೇಕಿತ್ತು. ಸೋಮವಾರದ ಸಭೆಯಲ್ಲಿ ನಮ್ಮ ವಿಡಿಯೋ ತೋರಿಸುವುದೆಂದು ನಿಗದಿಯಾಗಿತ್ತು. ಶನಿವಾರ ಧ್ವನಿ ಕೊಟ್ಟೆ: "ಈ ಗೆರೆ ನೋಡಿ. ಹೊಗೆಗೊಳವೆ ಎದ್ದ ವರ್ಷದಿಂದ ನೋಡಿ. ಇನ್ನು ನಾನೇನೂ ಹೇಳುವುದಿಲ್ಲ." ಆಮೇಲೆ ಆರು ಸೆಕೆಂಡು ಮೌನ. ಆ ಮೌನದ ಬಗ್ಗೆ ನನಗೆ ವಿಪರೀತ ಹೆಮ್ಮೆ. ಎಡ ಕಾಲಂನಲ್ಲಿ, ಚಾರ್ಟ್ ಬಿಡಿಸುವವರಿಗಾಗಿ, "ಗೆರೆ ಚಾರ್ಟ್, ಮೇಲಕ್ಕೆ ಏರುತ್ತದೆ; ಸುರಕ್ಷಿತ ಮಿತಿಗೆ ಚುಕ್ಕೆಗೆರೆ" ಎಂದಷ್ಟೇ ಬರೆದಿದ್ದೆ. ಚಾರ್ಟಿನ ಪಕ್ಕದ ಅಳತೆ ಸೊನ್ನೆಯಿಂದ ಎಷ್ಟರವರೆಗೆ ಎಂದು ಬರೆಯಲಿಲ್ಲ.

ಸೋಮವಾರ ಮಧ್ಯಾಹ್ನ ನನ್ನ ಸೀಟಿನಲ್ಲಿ ಕೂತು ವಿಡಿಯೋ ತೆರೆದೆ. ಮುಕ್ಕಾಲು ಪರದೆ ಏರಬೇಕಿದ್ದ ಗೆರೆ ತಳದಲ್ಲಿ ಚಾಪೆ ಹಾಸಿದ ಹಾಗೆ ಬಿದ್ದುಕೊಂಡಿತ್ತು. ಸುರಕ್ಷಿತ ಮಿತಿಯ ಚುಕ್ಕೆಗೆರೆ ಮಾಯವಾಗಿತ್ತು. ಅದರ ಮೇಲೆ ನನ್ನದೇ ಧ್ವನಿ, ನನ್ನದೇ ಮೌನ. ಎದ್ದು ಸಂಪಾದಕರ ಕೋಣೆಗೆ ಹೋದೆ.

ಸಂಪಾದಕರು ಕನ್ನಡಕ ಒರೆಸುತ್ತಿದ್ದರು. "ಒಂದು ಅಂಕೀನೂ ಮುಟ್ಟಿಲ್ಲ ಕಣಮ್ಮ. ಅಳತೇನ ನೂರರವರೆಗೆ ಎತ್ತಿಸ್ದೆ, ಅಷ್ಟೆ. ಚುಕ್ಕೆಗೆರೆ ಗಜಿಬಿಜಿ ಅನ್ನಿಸ್ತು. ಜನ ಗಾಬರಿ ಆಗ್ಬಾರ್ದು ನೋಡು."

"ನನ್ನ ಮಾತಿಗೆ ಅರ್ಥಾನೇ ತಿರುಗಿಹೋಯ್ತಲ್ಲ ಸಾರ್."

"ಎಲ್ಲಿ ತಿರುಗ್ತು? ನಿನ್ನ ಮಾತು ಇದಕ್ಕೂ ಸರಿಯಾಗೇ ಕೂತ್ಕೊಳ್ತು."

ಅದು ನಿಜ. ಧ್ವನಿಯಲ್ಲಿ ಒಂದೇ ಒಂದು ಅಂಕಿ ಇದ್ದಿದ್ದರೂ ಅವರ ಆಟ ನಡೆಯುತ್ತಿರಲಿಲ್ಲ. ಜಗಳವಾಡಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಫೋನ್ ಬಂತು.

"ಸಭೆ ಮುಗೀತು ಕಣೆ. ನೀನು ಹೇಳ್ದಂಗೆ ಗೆರೇನೇ ನೋಡ್ತಾ ಕೂತಿದ್ವಿ. ಅಲ್ಲಾಡ್ಲೇ ಇಲ್ಲ. ಅಬ್ಬ, ಎಷ್ಟು ವರ್ಷ ಆಗಿತ್ತು ಇಷ್ಟು ನೆಮ್ಮದಿಯಾಗಿ. ಎಲ್ಲರೂ ಒಪ್ಪಿಗೆಗೆ ಸಹಿ ಹಾಕಿದ್ವಿ, ನಂದೇ ಮೊದಲು. ಕಾರ್ಖಾನೆಯವ್ರು ಕಾಗದ ತಗೊಂಡು ಹೊರಟೂ ಹೋದ್ರು."

"ಅಕ್ಕಾ, ಹನ್ನೊಂದು. ರಕ್ತದಲ್ಲಿ ಸೀಸ ಐದರೊಳಗೆ ಇರ್ಬೇಕಿತ್ತು. ನಮ್ಮ ಪುಟ್ಟಿ ಶಾಲೇಲಿ ಹನ್ನೊಂದು."

ಆ ಕಡೆ ಯಾರೋ ಕುರ್ಚಿಗಳನ್ನು ಎಳೆದು ಪೇರಿಸುತ್ತಿದ್ದರು.

"ಇಷ್ಟನ್ನ ಬಾಯಿಬಿಟ್ಟು ಹೇಳೋಕೆ ನಿಂಗೇನಾಗಿತ್ತೇ?" ಎಂದಳು ಅಕ್ಕ.