ತಾರೀಕಿಲ್ಲದ ಕಾಗದ

ಪಂಚಪ್ಪ ರಜೆಯ ಅರ್ಜಿಯನ್ನು ಫೋರ್‌ಮನ್ ದಾಸಪ್ಪನ ಮೇಜಿನ ಮೇಲೆ ಇಟ್ಟದ್ದು ಮಂಗಳವಾರ, ಟೀ ಬೆಲ್ಲು ಹೊಡೆದ ಮೇಲೆ. ದಾಸಪ್ಪ ಅದನ್ನು ಓದಿ, ಕನ್ನಡಕ ಹಣೆಗೇರಿಸಿ, ಸುತ್ತ ನಿಂತಿದ್ದವರಿಗೂ ಕೇಳಿಸುವ ಹಾಗೆ ಹೇಳಿದ.

"ಗಂಡನಿಗೆ ವರ್ಗ ಆದ್ರೆ ಹೆಂಡ್ತಿ ಗಂಟು ಕಟ್ತಾಳೆ. ಹೆಂಡ್ತಿಗೆ ವರ್ಗ ಆಗಿ ಗಂಡ ಗಂಟು ಕಟ್ಟೋದನ್ನ ನಾನು ಇವತ್ತೇ ಕಣಯ್ಯ ನೋಡಿದ್ದು."

"ಗಂಟು ಕಟ್ಟಾಕ ಹೊಂಟಿಲ್ರಿ ಸಾರ್. ಮೂರು ತಿಂಗಳು ರಜಾ ಕೇಳಾಕತ್ತೀನಿ. ಸಂಬಳ ಬ್ಯಾಡ."

"ಸಂಬಳ ಬೇಡ ಅಂದ್ರೆ ಗ್ರೈಂಡಿಂಗ್ ಮಷೀನ್ ತಾನೇ ಓಡುತ್ತಾ?"

ಎಲ್ಲರೂ ನಕ್ಕರು. ಪಂಚಪ್ಪನೂ ನಕ್ಕ. ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆ ಎಂದು ಒಂಬತ್ತು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ದುಡಿದವನಿಗೆ ಗೊತ್ತಿತ್ತು.

ಅವನ ಹೆಂಡತಿ ನೀಲಕ್ಕ ಯಲಹಂಕದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮೊಳಕಾಲ್ಮೂರಿಗೆ ವರ್ಗವಾಗಿತ್ತು. ಶನಿವಾರ ಇಲ್ಲಿಂದ ಬಿಡುಗಡೆ. ವರ್ಗ ರದ್ದು ಮಾಡಿ ಎಂದು ಇಲಾಖೆಗೆ ಮನವಿ ಕೊಟ್ಟಿದ್ದಳು. ಅದಕ್ಕೆ ಉತ್ತರ ಯಾವಾಗ ಬರುತ್ತದೆಂದು ಕೇಳಿದರೆ, ಅಲ್ಲಿಯ ಗುಮಾಸ್ತ ಫ್ಯಾನಿನ ಕಡೆ ನೋಡಿದ್ದ. ಮನೆಯಲ್ಲಿ ಮೂರು ವರ್ಷದ ಮಗಳು. ಇಲ್ಲಿ ಇವನ ಪಾಳಿ, ಅವಳ ಪಾಳಿ, ನಡುವೆ ಮನೆ ಒಡತಿ ಮುನಿಕೃಷ್ಣಮ್ಮ ಎಂದು ಹೇಗೋ ಹೊಂದಿಸಿಕೊಂಡಿದ್ದರು. ಅಲ್ಲಿ ರಾತ್ರಿ ಪಾಳಿ ಬಿದ್ದರೆ ಮಗುವನ್ನು ನೋಡುವವರು ಯಾರೂ ಇಲ್ಲ. ಪಂಚಪ್ಪನ ಲೆಕ್ಕ ಸರಳವಾಗಿತ್ತು. ಜೊತೆಗೆ ಹೋಗುವುದು, ಮನೆ ಹೂಡುವುದು, ಮಗುವಿಗೊಂದು ದಾರಿ ಮಾಡುವುದು, ಮನವಿಯ ಉತ್ತರ ನೋಡುವುದು. ವರ್ಗ ರದ್ದಾಗದಿದ್ದರೆ ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕಾಗಬಹುದು. ಆದರೆ ಅದನ್ನು ನೋಡಿ ನಿರ್ಧರಿಸುವುದು ಬೇರೆ, ನೋಡದೆ ಬಿಡುವುದು ಬೇರೆ. ಸಂಬಳದ ರಜೆಯೆಲ್ಲ ಹೋದ ವರ್ಷ ಅಪ್ಪ ತೀರಿಕೊಂಡಾಗಲೇ ಮುಗಿದಿತ್ತು.

ದಾಸಪ್ಪ ಅರ್ಜಿಯ ಕೆಳಗೆ 'ಪರ್ಸನೆಲ್ ಆಫೀಸಿಗೆ ಕಳಿಸಿದೆ' ಎಂದಷ್ಟೇ ಬರೆದ. ಕೊಡಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ.

ಬುಧವಾರ, ಕೆಲಸಗಾರರ ನೇಮಕ, ರಜೆ ನೋಡಿಕೊಳ್ಳುವ ಪರ್ಸನೆಲ್ ಆಫೀಸರು ಕರೆಸಿದರು. ಹೆಸರು ಮುನಿವೆಂಕಟಯ್ಯ. ಎಂದೂ ಗದರದ ಮನುಷ್ಯ, ಎದುರಿಗೆ ನಿಂತವರನ್ನು ಕೂರಿಸಿ ಮಾತಾಡುವವರು. ಅದರಿಂದಲೇ ಜನ ಅವರಿಗೆ ಹೆದರುತ್ತಿದ್ದರು.

"ಕೂತ್ಕೊಳ್ಳಿ ಪಂಚಪ್ಪ. ಮಗು ಹೇಗಿದೆ?"

"ಆರಾಮ ಐತ್ರಿ ಸಾರ್."

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಮೂರು ತಿಂಗಳು ಕೊಡೋಣ." ಪಂಚಪ್ಪನ ಎದೆ ಹಗುರಾಗುವಷ್ಟರಲ್ಲಿ ಅವರು ಡ್ರಾಯರಿನಿಂದ ಟೈಪು ಮಾಡಿದ ಹಾಳೆಯೊಂದನ್ನು ತೆಗೆದರು. "ಇದಕ್ಕೊಂದು ಸಹಿ ಹಾಕಿ. ಮಾಮೂಲು."

ಅದು ರಾಜೀನಾಮೆ ಪತ್ರ. ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ ಎಂಬ ಎರಡು ಸಾಲು, ಕೆಳಗೆ ಸಹಿಗೆ ಜಾಗ. ತಾರೀಕಿನ ಜಾಗ ಖಾಲಿ.

"ಸಾರ್, ನಾ ಕೆಲಸ ಬಿಡಾಕತ್ತಿಲ್ರಿ."

"ಯಾರು ಬಿಡಿ ಅಂದ್ರು? ನೀವು ವಾಪಸ್ ಬಂದ್ರೆ ಹರಿದು ಹಾಕ್ತೀನಿ. ಬರದೇ ಹೋದ್ರೆ ನಾನು ನೋಟೀಸು ಕೊಡ್ಬೇಕು, ರಿಜಿಸ್ಟರ್ಡ್ ಪೋಸ್ಟು ಕಳಿಸ್ಬೇಕು, ವಿಚಾರಣೆ ಮಾಡ್ಬೇಕು. ವರ್ಷಗಟ್ಟಲೆ ಎಳೆಯುತ್ತೆ. ಲಾಂಗ್ ರಜೆ ಕೇಳಿದೋರೆಲ್ಲ ಹಾಕ್ತಾರೆ. ನಾಳಿದ್ದು ಬೆಳಿಗ್ಗೆ ತಂದು ಕೊಡಿ, ಆರ್ಡರ್ ತಗೊಂಡು ಹೋಗಿ."

ಕಾಗದ ಹಿಡಿದು ಪಂಚಪ್ಪ ಕಾರ್ಮಿಕ ಸಂಘದ ಕಾರ್ಯದರ್ಶಿ ಪಿಳ್ಳಣ್ಣನ ಹತ್ತಿರ ಹೋದ. ಪಿಳ್ಳಣ್ಣ ಬೀಡಿ ಆರಿಸಿ, "ಸಹಿ ಹಾಕು ಗುರು. ಸಂಬಳ ಇಲ್ದೆ ಕೊಡೋ ರಜೆ ಅವ್ರ ಇಷ್ಟ. ಇಲ್ಲ ಅಂದ್ರೆ ಇಲ್ಲ. ಹಟ ಮಾಡಿದ್ರೆ ಅದೂ ಹೋಗುತ್ತೆ," ಎಂದ.

ಪಾಳಿ ಮುಗಿಸಿ ಹೊರಡುವಾಗ ಟೈಂ ಆಫೀಸಿನ ಖಾದರ್ ಬಾಷಾ ಕಿಟಕಿಯಿಂದ ಕೈಸನ್ನೆ ಮಾಡಿದ. ಗೇಟಿನ ಪಕ್ಕದ ಹಲಗೆಯಲ್ಲಿ ಎಲ್ಲರ ಹಾಜರಿ ಕಾರ್ಡುಗಳನ್ನು ಸಿಕ್ಕಿಸಿಡುವವನು ಅವನೇ.

"ಪ್ಯಾಕಿಂಗ್ ಸೆಕ್ಷನ್ ರತ್ನಕ್ಕ ಗೊತ್ತಲ್ವಾ? ಪೊಲೀಸ್ನೋರ ಹೆಂಡ್ತಿ. ಗಂಡನಿಗೆ ಕೋಲಾರಕ್ಕೆ ವರ್ಗ ಆಗಿತ್ತು."

"ಕೆಲಸ ಬಿಟ್ಟಾಳಂತ ಕೇಳಿದ್ನಿ."

"ಬಿಟ್ಟಿಲ್ಲ ಭಾಯಿ. ರಜೆ ಮುಗಿಯೋಕೆ ವಾರ ಇರೋವಾಗ್ಲೇ ವಾಪಸ್ ಬಂದ್ಲು. ಕಾರ್ಡು ತೆಗಿ ಅಂತ ನಂಗೆ ಮೊದ್ಲೇ ಮೇಲಿಂದ ಹೇಳಿದ್ರು. ಈ ಕಿಟಕಿ ಮುಂದೆ ನಿಂತು ಕಾರ್ಡು ಹುಡುಕಿದ್ಲು. ನಾನು ಏನು ಹೇಳ್ಲಿ?" ಅವನು ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದ. "ನಿಂಗೆ ಕೊಟ್ಟಂಥ ಕಾಗದಕ್ಕೇ ಅವ್ಳೂ ಸಹಿ ಹಾಕಿದ್ಲು. ತಾರೀಕು ಅವ್ರು ಹಾಕ್ಕೊಂಡ್ರು. ನಾನು ಹೇಳ್ದೆ ಅಂತ ಹೇಳ್ಬೇಡ."

ಬಸ್ಸಿನಲ್ಲಿ ಪಂಚಪ್ಪನಿಗೆ ಕೂರಲು ಜಾಗ ಸಿಕ್ಕಿತು. ಕೂರಲಿಲ್ಲ.

ಆಸ್ಪತ್ರೆಯಲ್ಲಿ ನೀಲಕ್ಕ ಗಾಜಿನ ಸಿರಿಂಜುಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದಳು. ಕಾಗದ ಓದಿ, ಚಿಮುಟ ಕೆಳಗಿಟ್ಟಳು. ರತ್ನಕ್ಕನ ವಿಷಯವನ್ನೂ ಪೂರ್ತಿ ಕೇಳಿದಳು.

"ಸಹಿ ಹಾಕ್ತೀರೇನು?"

"ಹಾಕಲಿಲ್ಲಂದ್ರ ರಜಾ ಇಲ್ಲ. ರಜಾ ಇಲ್ಲಂದ್ರ ನೀ ಒಬ್ಬಾಕಿ ಕೂಸು ಎತ್ಕೊಂಡು ಹೋಗಬೇಕು. ಅಲ್ಲಿ ರಾತ್ರಿ ಪಾಳಿ ಬಂದ್ರ?"

"ವಾರ್ಡಿನಾಗ ಬೆಂಚಿನ ಮ್ಯಾಲ ಮಲಗಸ್ತೀನಿ. ಬೈದ್ರ ಬೈಸಿಕೋತೀನಿ."

"ಹಂಗಂದ್ರ ಹೆಂಗ?"

"ನಿಮ್ಮ ಅಕ್ಕ ಮೊನ್ನೆ ಬಂದಾಗ ಏನಂದ್ಲು ಗೊತ್ತೇನು? ಗಂಡಸು ನೌಕರಿ ಬಿಟ್ರ ಮಂದಿ ನಗ್ತಾರ, ನೀನ ಬಿಡು ಅಂದ್ಲು. ನಾ ಸುಮ್ನಿದ್ದೆ. ಈಗ ನೀವು ಇದಕ್ಕ ಸಹಿ ಹಾಕಿ, ನೌಕರಿ ಹೋತು ಅಂದ್ರ, ನನ್ನ ಸಲುವಾಗಿ ಹೋತು ಅಂತ ಸಾಯೋತನಕ ಮನ್ಯಾಗ ಇರ್ತದ. ನೀವು ಬಾಯಿ ಬಿಟ್ಟು ಅನ್ನಂಗಿಲ್ಲ. ಆದ್ರೂ ಇರ್ತದ."

"ಹಂಗಾರ ಏನು ಮಾಡಲಿ?"

"ಬಿಡೋದಾದ್ರ ತಿಳಿದು ಬಿಡ್ರಿ. ನಾ ಬಿಡಬೇಕಾದ್ರೂ ಕೂಡಿಸ್ಕೊಂಡು ಹೇಳ್ರಿ. ಬ್ಯಾರೇದವ್ರ ಡ್ರಾಯರಿನಾಗ ನಮ್ಮ ಸಂಸಾರ ಇಟ್ಟು ಬರಬ್ಯಾಡ್ರಿ."

ಒಳಗಿನಿಂದ ಯಾರೋ "ಸಿಸ್ಟರ್" ಎಂದು ಕರೆದರು. ಅವಳು ಹೋದಳು. ನೀರು ಕುದಿಯುತ್ತಲೇ ಇತ್ತು. ಪಂಚಪ್ಪ ಸ್ಟೌವಿನ ಉರಿ ಸಣ್ಣ ಮಾಡಿ, ಅವಳು ಬರುವವರೆಗೆ ಅಲ್ಲೇ ನಿಂತ.

ಶುಕ್ರವಾರ ಬೆಳಿಗ್ಗೆ ಅವನು ಸಹಿಯಿಲ್ಲದ ಹಾಳೆಯನ್ನು ಮುನಿವೆಂಕಟಯ್ಯನವರ ಮೇಜಿನ ಮೇಲಿಟ್ಟ.

"ಇದು ಆಗಂಗಿಲ್ರಿ ಸಾರ್."

"ಹಾಗಾದ್ರೆ ರಜೆಯೂ ಆಗಲ್ಲ."

"ಸೋಮವಾರ ಮಷೀನ್ ಮ್ಯಾಲ ಇರ್ತೀನ್ರಿ. ಹೆಂಡ್ತಿ ಕೂಸನ್ನ ಕರ್ಕೊಂಡು ಹೋಗ್ತಾಳ."

ಮನೆಯಿಂದ ಬರುವಾಗ ಮಗಳ ಬಟ್ಟೆಗಳನ್ನು ಬೇರೆ ಟ್ರಂಕಿಗೆ ತುಂಬಿ ಬಂದಿದ್ದ.

ಮುನಿವೆಂಕಟಯ್ಯ ಒಂದು ಕ್ಷಣ ಅವನನ್ನೇ ನೋಡಿದರು. ಸುಮ್ಮನೆ ಹೆದರಿಸಿ ನೋಡಲು ಬಂದವನಲ್ಲ ಎನ್ನುವುದು ಅವರಿಗೂ ಕಂಡಿತು. ಬೆಲ್ಲು ಒತ್ತಿ ಫೋರ್‌ಮನ್‌ನನ್ನು ಕರೆಸಿದರು. ರಜೆ ನಿರಾಕರಿಸುವುದಾದರೆ ಸೆಕ್ಷನ್ನಿನ ಕಾರಣವೂ ಬರೆಯಬೇಕು.

"ದಾಸಪ್ಪ, ಕೆಲಸದ ಒತ್ತಡ ಇದೆ, ಬಿಡೋಕಾಗಲ್ಲ ಅಂತ ಬರೆದು ಸಹಿ ಹಾಕಿ."

ದಾಸಪ್ಪ ಪೆನ್ನು ತೆಗೆದವನು ಮೇಜಿನ ಮೇಲಿನ ಹಾಳೆ ನೋಡಿದ. "ಇದೇನು ಸಾರ್, ರಾಜೀನಾಮೆ?"

"ರಜೆಗೆ ಮುಂಚೆ ತಗೊಳ್ಳೋದು. ಒಪ್ತಾ ಇಲ್ಲ."

ದಾಸಪ್ಪ ಪೆನ್ನಿನ ಕ್ಯಾಪು ಮತ್ತೆ ಹಾಕಿದ.

"ಇವನು ರಜೆ ಮೇಲೆ ಹೋದ್ರೆ ಜಾಗ ನನ್ನ ಸೆಕ್ಷನ್‌ದೇ ಇರುತ್ತೆ ಸಾರ್, ಬದಲಿ ಹುಡುಗನ್ನ ನಿಲ್ಲಿಸ್ಕೋತೀನಿ. ರಾಜೀನಾಮೆ ಅಂದ್ರೆ ಜಾಗ ಖಾಲಿ. ಖಾಲಿ ಜಾಗ ತುಂಬೋಕೆ ಮದ್ರಾಸಿನ ಹೆಡ್ ಆಫೀಸು ಒಪ್ಪಬೇಕು. ಹೋದ ವರ್ಷ ನನ್ನ ಎರಡು ಜಾಗ ಹಂಗೇ ನುಂಗಿದ್ರು. ಇವನದ್ದೂ ಹೋದ್ರೆ ಆ ಗ್ರೈಂಡಿಂಗ್ ಮಷೀನಿಗೆ ನಾನೇ ನಿಲ್ಲಬೇಕು. ಈ ವಯಸ್ಸಲ್ಲಿ ನನ್ನ ಕಣ್ಣಿಗೆ ಆ ಅಳತೆ ಕಾಣಲ್ಲ."

"ಅವರು ವಾಪಸ್ ಬರದೇ ಇದ್ರೆ?"

"ಆವಾಗ ನೋಟೀಸು ಕಳಿಸಿ ಸಾರ್. ಅದು ನಿಮ್ಮ ಕೆಲಸ." ಆಮೇಲೆ ಹೆಚ್ಚಾಯಿತೆನಿಸಿ, ದಾಸಪ್ಪ ದನಿ ಇಳಿಸಿದ. "ಮೂರು ತಿಂಗಳು ನಂಗೂ ಕಷ್ಟ. ಒಂದು ತಿಂಗಳು ಕೊಡಿ. ಬೇಕಾದ್ರೆ ಆಮೇಲೆ ನೋಡೋಣ."

ಮುನಿವೆಂಕಟಯ್ಯ ಬಹಳ ಹೊತ್ತು ಫೈಲಿನ ದಾರ ಸುತ್ತಿದರು, ಬಿಚ್ಚಿದರು. ಸೆಕ್ಷನ್ನಿನವನೇ ಬಿಡುತ್ತೇನೆ ಎಂದ ಮೇಲೆ ಬೇಡ ಎನ್ನಲು ಅವರ ಹತ್ತಿರ ಬರೆಯುವಂಥ ಕಾರಣ ಉಳಿದಿರಲಿಲ್ಲ. ಕೊನೆಗೆ ಅರ್ಜಿಯಲ್ಲಿ ಮೂರು ತಿಂಗಳನ್ನು ಹೊಡೆದು ಒಂದು ತಿಂಗಳು ಎಂದು ಬರೆದು ಸಹಿ ಮಾಡಿದರು. ಸಹಿಯಿಲ್ಲದ ಹಾಳೆ ಡ್ರಾಯರಿಗೆ ವಾಪಸು ಹೋಯಿತು, ಮುಂದಿನವರಿಗಾಗಿ.

"ರಜೆ ಮುಗಿದು ಎಂಟು ದಿನದೊಳಗೆ ಬಂದು ಕಾರಣ ಹೇಳದಿದ್ರೆ ಕೆಲಸದ ಮೇಲಿನ ಹಕ್ಕು ಹೋಗುತ್ತೆ. ನೋಟೀಸು, ವಿಚಾರಣೆ ಎಷ್ಟು ಎಳೆದ್ರೂ ನಾನು ಬಿಡಲ್ಲ. ತಿಳೀತಾ?"

"ತಿಳೀತ್ರಿ ಸಾರ್."

ಹೊರಗೆ ಪಂಚಪ್ಪ ಕೈಮುಗಿಯಲು ಹೋದ. ದಾಸಪ್ಪ ತಡೆದ.

"ನಿಂಗೋಸ್ಕರ ಮಾಡ್ದೆ ಅನ್ಕೋಬೇಡ. ನಡಿ, ನಾಳೆ ಸಾಯಂಕಾಲದೊಳಗೆ ಆ ಬದಲಿ ಹುಡುಗನಿಗೆ ಮಷೀನ್ ಹೇಳ್ಕೊಡು."

ಟೈಂ ಆಫೀಸಿನಲ್ಲಿ ಖಾದರ್ ಬಾಷಾ ಆರ್ಡರ್ ನೋಡಿದ. ನಮೂನೆ ಮುಂದೆ ತಳ್ಳಿ, "ರಜೆಯಲ್ಲಿ ಇರೋ ವಿಳಾಸ," ಎಂದ.

ಪಂಚಪ್ಪ ಕೇರಾಫ್ ಹಾಕಿ ಬರೆದ. ನರ್ಸ್ ನೀಲಕ್ಕನವರ ಮೇಲ್ವಿಚಾರಣೆ, ಸರ್ಕಾರಿ ಆಸ್ಪತ್ರೆ, ಮೊಳಕಾಲ್ಮೂರು.

ಹಿಂದೆ ನಿಂತಿದ್ದ ಒಬ್ಬ ಇಣುಕಿ, "ಏನ್ ಗುರು, ಹೆಂಡ್ತಿ ಮೇಲ್ವಿಚಾರಣೆನಾ?" ಎಂದ.

"ಮತ್ತ ಯಾರದು ಬರೀಲಿ, ನಿಂದಾ?"

ಖಾದರ್ ಬಾಷಾ ನಗು ನುಂಗಿಕೊಂಡು, "ಜಾಸ್ತಿ ದಿನ ಬೇಕು ಅಂದ್ರೆ ರಜೆ ಮುಗಿಯೋ ಮೊದ್ಲೇ ಬರಿ. ರಿಜಿಸ್ಟರ್ಡ್ ಮಾಡಿ ಹಾಕು, ರಸೀತಿ ಇಟ್ಕೋ," ಎಂದ.

ಶನಿವಾರ ಇಡೀ ದಿನ ಪಂಚಪ್ಪ ಬದಲಿಯವನ ಜೊತೆ ನಿಂತ. ಬದಲಿಯವನು ದಾಸರಹಳ್ಳಿಯವನು, ಕೈ ಚುರುಕು. ಮಷೀನಿನ ಸಾಣೆಕಲ್ಲು ಲೋಹದ ಪೀಸಿಗೆ ತಾಗುವ ಹೊತ್ತಿನಲ್ಲಿ ಬರುವ ಸದ್ದು ಹೇಗಿರಬೇಕು, ಯಾವ ಸದ್ದಿಗೆ ಕೈ ಹಿಂದೆ ತೆಗೆಯಬೇಕು ಎನ್ನುವುದು ಯಾವ ಚಾರ್ಟಿನಲ್ಲೂ ಇರಲಿಲ್ಲ. ಅದೊಂದನ್ನು ಹೇಳದೆ ಬಿಟ್ಟರೆ ವಾರದೊಳಗೆ ನಾಲ್ಕು ಪೀಸು ಹಾಳಾಗುತ್ತವೆ, ದಾಸಪ್ಪನಿಗೆ ಪಂಚಪ್ಪನ ನೆನಪು ಬರುತ್ತದೆ. ಹೇಳಿದರೆ ಯಾರಿಗೂ ನೆನಪು ಬರಬೇಕಾಗಿಲ್ಲ. ಊಟದ ಬೆಲ್ಲಿನವರೆಗೂ ಅವನು ಅದನ್ನು ಹೇಳಲಿಲ್ಲ. ಊಟ ಮುಗಿಸಿ ಬಂದವನೇ ಹುಡುಗನ ತಲೆ ಹಿಡಿದು ಕಿವಿಯನ್ನು ಮಷೀನಿನ ಕಡೆ ತಿರುಗಿಸಿದ.

"ಕೇಳು. ಈಗ. ಈ ಸದ್ದಿಗೆ ಮುಂದ ಒತ್ತಬ್ಯಾಡ."

ಸಂಜೆ ದಾಸಪ್ಪ ಬಂದು ಪೀಸು ಅಳೆದು ನೋಡಿದ. ಸರಿಯಿತ್ತು.

"ಎಲ್ಲಾ ಹೇಳ್ಕೊಟ್ಟೆಯೇನಯ್ಯಾ?"

"ಹೇಳ್ಕೊಟ್ಟೀನ್ರಿ."

"ದಡ್ಡ ಕಣಯ್ಯ ನೀನು. ಇವನೇ ಚೆನ್ನಾಗಿ ಮಾಡಿದ್ರೆ ನಿನ್ನ ಯಾರು ಕೇಳ್ತಾರೆ?"

ಪಂಚಪ್ಪ ಹತ್ತಿಬಟ್ಟೆಯಿಂದ ಕೈಯ ಎಣ್ಣೆ ಒರೆಸಿಕೊಂಡ.

"ಕೇಳಲಿಲ್ಲಂದ್ರೂ ಬರ್ತೀನ್ರಿ. ಬಂದ್ರ ಇದರ ಮ್ಯಾಲ ನಿಲ್ಲಾವ ನಾನ. ಕೆಡಿಸಿಟ್ಟು ಹೋದ್ರ ನನಗ ತೊಂದ್ರಿ."

ದಾಸಪ್ಪ ಪೀಸನ್ನು ಮತ್ತೊಮ್ಮೆ ಅಳೆದ. ಯಲಹಂಕದ ಬಸ್ಸಿಗೆ ಹೊತ್ತಾಗುತ್ತದೆಂದು ಪಂಚಪ್ಪ ಬೇಗ ಬೇಗ ಬಟ್ಟೆ ಬದಲಿಸಿದ.